ಕಿವಿಗಾಗಿ ಗಂಗೂಬಾಯಿ

ಪ್ರೀತಿಯ ಗೆಳತಿ,

ಕಣ್ಣು ಮಂಜಾದ ಹಿರಿಯರಿಗಾಗಿ ಗಂಗೂಬಾಯಿ ಹಾನಗಲ್ಲರ ಜೀವನಚರಿತ್ರೆಯನ್ನು ಧ್ವನಿಮುದ್ರಿಸಲು ಹೊರಟಿದ್ದೀರಿ ಎಂದು ತಿಳಿದು ತುಂಬ ಸಂತೋಷವಾಯಿತು. ಓದುವಾಗ ಉಸಿರು ಸಾಲುತ್ತಿಲ್ಲ, ಕೇಳಿದವರಿಗೂ ಕಥೆ ಹಿಡಿಯುತ್ತಿಲ್ಲ ಎಂದಿದ್ದೀರಿ. ತೊಡಕು ವಾಕ್ಯದಲ್ಲೇ ಇದೆ. ಪುಸ್ತಕಗಳ ಧಾಟಿಯಲ್ಲಿ ನಾನೊಂದು ವಾಕ್ಯ ಬರೆದು ನೋಡಿದೆ:

“1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿ, ಕರ್ನಾಟಕ ಸಂಗೀತ ಹಾಡುತ್ತಿದ್ದ ತಾಯಿ ಅಂಬಾಬಾಯಿಯವರ ಆಸರೆಯಲ್ಲಿ ಬೆಳೆದು, ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿಯವರು ಕಿರಾಣಾ ಘರಾಣೆಯ ಹೆಸರಾಂತ ಗಾಯಕಿಯಾದರು.”

ಹುಟ್ಟಿದ್ದು, ಬೆಳೆದದ್ದು, ಕಲಿತದ್ದು ಎಲ್ಲ ಮುಗಿದ ಮೇಲೆ ಯಾರು ಎಂಬುದು ಬರುತ್ತದೆ. ಓದುವ ಕಣ್ಣು ಹಿಂದಕ್ಕೆ ಹೋಗಿ ನೋಡಬಹುದು. ಕಿವಿಗೆ ಆ ಅವಕಾಶವಿಲ್ಲ. ಹಾಗಾಗಿ ಹೆಸರನ್ನು ಮೊದಲಿಡಿ, “ಜನಿಸಿ, ಬೆಳೆದು, ಹೋಗಿ” ಎಂಬ ಸರಪಳಿಯನ್ನು ಬಿಡಿಸಿ:

“ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳು ಹಿಡಿದದ್ದು ಹಿಂದೂಸ್ತಾನಿಯ ದಾರಿ. ಆ ದಾರಿಯಲ್ಲಿ ನಡೆಸಿದ ಗುರು ಸವಾಯಿ ಗಂಧರ್ವ. ಸವಾಯಿ ಗಂಧರ್ವರಿದ್ದದ್ದು ಕುಂದಗೋಳದಲ್ಲಿ. ಗಂಗೂಬಾಯಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದರು.”

ಅಬ್ದುಲ್ ಕರೀಂ ಖಾನರನ್ನು ಇಲ್ಲಿ ಕೈಬಿಟ್ಟೆ. ಕಿರಾಣಾ ಘರಾಣೆ ಎಂದರೇನೆಂದು ಹೇಳುವ ಕಡೆ ಅವರು ಬರಲಿ. ಆಗ ಅವರ ಹೆಸರು ನೆನಪಲ್ಲಿ ನಿಲ್ಲುತ್ತದೆ. ಹುಟ್ಟಿದ ತಾರೀಖನ್ನೂ ತೆಗೆದೆ, ವರ್ಷ ಸಾಕು.

ಸರಪಳಿ ಬಿಡಿಸಿದ ಕೂಡಲೇ ಇನ್ನೊಂದು ತೊಂದರೆ ಎದುರಾಗುತ್ತದೆ. ನಮ್ಮ ಕ್ರಿಯಾಪದ ಕೊನೆಗೆ ಬರುವುದರಿಂದ “ಹೋದರು, ಕಲಿತರು, ಹಾಡಿದರು” ಎಂದು ಪ್ರತಿ ವಾಕ್ಯವೂ ಒಂದೇ ಸದ್ದಿನಲ್ಲಿ ಮುಗಿದು, ವರದಿ ಓದಿದಂತಾಗುತ್ತದೆ. ಅದಕ್ಕೇ ಮೇಲೆ “ಹುಟ್ಟಿದ್ದು ಧಾರವಾಡದಲ್ಲಿ” ಎಂದು ತಿರುಗಿಸಿದ್ದು, “ಗುರು ಸವಾಯಿ ಗಂಧರ್ವ” ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸಿದ್ದು. ಎರಡು ಮೂರು ಚಿಕ್ಕ ವಾಕ್ಯಗಳಾದ ಮೇಲೆ ಸ್ವಲ್ಪ ಉದ್ದದ್ದು ಬರಲೇಬೇಕು, ಇಲ್ಲವಾದರೆ ಕೇಳುವವರಿಗೆ ಏದುಸಿರು.

“ಅವರು” ಪದದ ಬಗ್ಗೆ ಎಚ್ಚರ. ತಾಯಿಯೂ ಅವರು, ಗುರುವೂ ಅವರು, ಗಂಗೂಬಾಯಿಯೂ ಅವರು. ಒಂದೇ ಪ್ರಸಂಗದಲ್ಲಿ ಇಬ್ಬರು ಬಂದರೆ ಹೆಸರನ್ನೇ ಮತ್ತೆ ಹೇಳಿ. ಬರಹದಲ್ಲಿ ಇದು ಅತಿ ಅನ್ನಿಸಬಹುದು, ಕಿವಿಗೆ ಹಿತ.

“ಹೋಗ್ತಿದ್ರು” ಎಂದೇ ಬರೆದುಕೊಳ್ಳಬೇಕೆ ಎಂದು ಕೇಳಿದ್ದೀರಿ. ಬೇಡ ಅನ್ನಿಸುತ್ತದೆ. “ಹೋಗುತ್ತಿದ್ದರು” ಎಂದೇ ಇರಲಿ, ನಿಮ್ಮ ನಾಲಿಗೆ ತಾನಾಗಿ ಅದನ್ನು ಸಡಿಲಿಸುತ್ತದೆ. ಹುಬ್ಬಳ್ಳಿ–ಧಾರವಾಡದ ಮಾತು ನಿಮ್ಮ ಮನೆಮಾತಲ್ಲವಾದರೆ ಅದನ್ನು ಅನುಕರಿಸಲೂ ಹೋಗಬೇಡಿ.

ಒಂದು ಪುಟ ಸಿದ್ಧವಾದ ಮೇಲೆ ಮನೆಯ ಯಾರಿಗಾದರೂ ಓದಿ ಹೇಳಿ, ನಡುವೆ ನಿಲ್ಲಿಸಿ, “ಈಗ ಯಾರು ಎಲ್ಲಿದ್ದಾರೆ?” ಎಂದು ಕೇಳಿ. ಅವರು ತಡವರಿಸಿದರೆ, ನಿಲ್ಲಿಸಿದ ಜಾಗದ ಹಿಂದಿನ ಎರಡು ವಾಕ್ಯ ನೋಡಿ. ಆ ಪುಟವನ್ನು ನನಗೂ ಕಳಿಸಿ, ಗಟ್ಟಿಯಾಗಿ ಓದಿ ನೋಡಿ ಬರೆಯುತ್ತೇನೆ.

ನಿಮ್ಮ ಗೆಳತಿ