ಸಂಪಾದಕರಿಗೆ ಒಂದೇ ಪುಟ ಸಾಕು

ಮಧುಗಿರಿ ಬಸ್‌ಸ್ಟ್ಯಾಂಡಲ್ಲಿ ಸಿರಾ ಬಸ್ಸಿಗೆ ಕಾಯ್ತಾ ಅಕ್ಕನ ಮಗಳ ಕವರ್ ಲೆಟರ್ ಓದಿದೆ. ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ಮೇಲಿನ ಪ್ರಬಂಧ ಜರ್ನಲ್‌ಗೆ ಹೋಗಬೇಕು. ಪತ್ರವೇ ಎರಡು ಪುಟ! ಅರ್ಧ ಪುಟ ಸಾರಾಂಶದ ನಕಲು, ಉಳಿದದ್ದು ಜರ್ನಲ್‌ನ ಹೊಗಳಿಕೆ, ತನ್ನ ಪದವಿಗಳು, 'ದಯವಿಟ್ಟು ಬೇಗ ಪ್ರಕಟಿಸಿ'. ಅದೆಲ್ಲ ತೆಗೆಸಿದೆ.

"ಮತ್ತೇನು ಬರೀಲಿ ಮಾಮ?" ಅಂದಳು.

ಶೀರ್ಷಿಕೆ, ಲೇಖನದ ಬಗೆ ಹೇಳು. ಆಮೇಲೆ ನೀನು ಕಂಡುಕೊಂಡದ್ದು ಎರಡು ವಾಕ್ಯದಲ್ಲಿ: ಮಳೆಗಾಲದ ಮುಂಚೆ, ಆಮೇಲೆ ಅದೇ ಬಾವಿಗಳನ್ನ ಅಳೆದಾಗ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಬಾವಿಗಳು ಎಲ್ಲೆಲ್ಲಿ ಬದಲಾದವು ಅಂತ. 'ಫ್ಲೋರೈಡ್ ಗಂಭೀರ ಸಮಸ್ಯೆ' ಅನ್ನೋದು ಸಂಪಾದಕರಿಗೆ ಗೊತ್ತು. ನೀನು ಕಂಡುಕೊಂಡದ್ದು ಈ ಜರ್ನಲ್‌ನ ಓದುಗರಿಗೇ ಯಾಕೆ ಬೇಕು ಅನ್ನೋದು ಮಾತ್ರ ನೀನೇ ಹೇಳಬೇಕು. ಬೇರೆಲ್ಲೂ ಪ್ರಕಟವಾಗಿಲ್ಲ, ಪರಿಶೀಲನೆಯಲ್ಲೂ ಇಲ್ಲ, ಸಹಲೇಖಕರೆಲ್ಲ ಒಪ್ಪಿದ್ದಾರೆ ಅಂತ ಬರಿ. ವಿಚಾರ ಸಂಕಿರಣದಲ್ಲಿ ಮಂಡಿಸಿದ್ದರೆ ಮುಚ್ಚಿಡಬೇಡ.

ಕೊನೆಗೆ ನೋಡಿದರೆ ಮೇಲ್ಗಡೆ ಹಿಂದೆ ತಿರಸ್ಕರಿಸಿದ ಜರ್ನಲ್‌ನ ಹೆಸರು ಹಾಗೇ ಇತ್ತು! ಎದೆ ಧಸಕ್ಕೆಂದಿತು.

ನಿಮ್ಮ ಪತ್ರದಲ್ಲಿ ಹೀಗೆ ಉಳಿದುಹೋಗಿದ್ದೇನಾದರೂ ಇದೆಯಾ?