ಮುಂದಿನ ಕೋಣೆಯ ಬೀಗ

ನಿರ್ಣಾದಲ್ಲಿರುವ ನಮ್ಮ ಖಾಲಾ ವಿಧವೆ. ಮನೆಯ ಬಾಡಿಗೆಯೇ ಅವರ ಜೀವನಾಧಾರ. ಬಾಡಿಗೆದಾರನು ಮುಂದಿನ ಕೋಣೆಯನ್ನು ಒಬ್ಬ ದರ್ಜಿಗೆ ಕೊಟ್ಟಿದ್ದಾನೆಂದು ತಿಳಿದಾಗ, "ಎಲ್ಲರನ್ನೂ ಖಾಲಿ ಮಾಡಿಸು ಬೇಟಿ" ಎಂದರು.

ಅದು ನಿಜವಾಗಿಯೂ ಒಳಬಾಡಿಗೆಯೇ ಎಂದು ಮೊದಲು ನೋಡಬೇಕಿತ್ತು. ನೆಂಟರು ಬಂದು ಉಳಿದ ಮಾತ್ರಕ್ಕೆ ಒಳಬಾಡಿಗೆಯಾಗದು. ಇಲ್ಲಿ ಬೀಗ ದರ್ಜಿಯದು, ಕೀಲಿಕೈಯೂ ಅವನ ಬಳಿಯೇ. ತಿಂಗಳಿಗೆ 800 ರೂಪಾಯಿ ಕೊಡುತ್ತೇನೆಂದು ಅವನೇ ಹೇಳಿದ.

ಇಂತಹ ಹಳ್ಳಿಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರನು ಒಳಬಾಡಿಗೆಗೆ ಕೊಡಲು ಅದು ಬಿಡುತ್ತದೆ. ಪುಣ್ಯಕ್ಕೆ ಖಾಲಾರ ಕರಾರಿನಲ್ಲಿ ನಿಷೇಧವೂ ಇತ್ತು, ಮೀರಿದರೆ ಮನೆ ಹಿಂಪಡೆಯುವ ಷರತ್ತೂ ಇತ್ತು.

ಕೆಲವು ಷರತ್ತುಗಳನ್ನು ಮೀರಿದಾಗ ಸರಿಪಡಿಸಲು ಅವಕಾಶ ಕೊಡಬೇಕೆಂದು ಕಾಯಿದೆಯ 114ಎ ಕಲಮು ಹೇಳುತ್ತದೆ. ಒಳಬಾಡಿಗೆಯ ನಿಷೇಧಕ್ಕೆ ಆ ಕಡ್ಡಾಯವಿಲ್ಲ. ಆದರೆ ಬಾಡಿಗೆದಾರನ ಹೆಂಡತಿ ಬಾಣಂತಿ. ಅದನ್ನು ನೆನಪಿಸಿದಾಗ ಖಾಲಾ 15 ದಿನ ಕೊಡಲು ಒಪ್ಪಿದರು.

ನೋಟೀಸಿನಲ್ಲಿ ಕೋಪದ ಮಾತು ಬರೆಯಲಿಲ್ಲ. ಕರಾರಿನ ದಿನಾಂಕ, ಮೀರಿದ ಷರತ್ತು, ಯಾವ ಕೋಣೆ, ಯಾವ ತಿಂಗಳಿನಿಂದ ಎಂಬುದನ್ನು ಬರೆದೆವು. ನೋಟೀಸು ಕೈಸೇರಿದ 15 ದಿನಗಳೊಳಗೆ ಕೋಣೆ ತೆರವು ಮಾಡಿಸಿ ಲಿಖಿತವಾಗಿ ತಿಳಿಸಬೇಕು, ಇಲ್ಲವಾದರೆ ಕರಾರು ಕೊನೆಗೊಳಿಸಿ ನ್ಯಾಯಾಲಯಕ್ಕೆ ಹೋಗುತ್ತೇವೆ ಎಂದೆವು. ನಕಲನ್ನೂ ಅಂಚೆಯ ರಸೀದಿಯನ್ನೂ ಜೋಪಾನವಾಗಿಟ್ಟೆವು.

ಹನ್ನೊಂದನೆಯ ದಿನ ಹೊಲಿಗೆ ಯಂತ್ರ ಹೊರಬಂತು. ಬಾಡಿಗೆದಾರ ಬರೆದುಕೊಟ್ಟ ಪತ್ರವನ್ನು ಖಾಲಾ ಕರಾರಿನೊಂದಿಗೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಆ ಸಂಸಾರ ಈಗಲೂ ಅಲ್ಲೇ ಇದೆ.