ಇಪ್ಪತ್ತನೇ ವರ್ಷದ ಕಂತು

ಭಾನುವಾರ ಗಾಂಧಿ ಬಜಾರ್‌ನಲ್ಲಿ ದೋಸೆಗೆ ಕಾಯುತ್ತಾ ನನ್ನ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ತಿಂಗಳಿಗೆ 10,000 ರೂಪಾಯಿ ಎಸ್‌ಐಪಿ, ಪ್ರತಿ ವರ್ಷ ಕಂತಿನಲ್ಲಿ ಶೇ. 10 ಏರಿಕೆ. ಲಾಭ ಶೇ. 12 ಎಂದುಕೊಂಡರೆ 20 ವರ್ಷಕ್ಕೆ ಸುಮಾರು 1.75 ಕೋಟಿ. ಕಂತು ಏರಿಸದಿದ್ದರೆ 86 ಲಕ್ಷ ಅಷ್ಟೇ. ವರ್ಷದ ಕಂತನ್ನೆಲ್ಲ ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿದ ಹಾಗೆ ಹಿಡಿದು ಈ ಸೂತ್ರ ಹಾಕಿದ್ದೆ:

P × [(1+r)ⁿ − (1+g)ⁿ] ÷ (r − g)

P ಮೊದಲ ವರ್ಷದ ಕಂತು, r ಲಾಭದ ದರ, g ಏರಿಕೆಯ ದರ, n ವರ್ಷಗಳು.

ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅಪ್ಪ ಕೇಳಿದ್ದು ಒಂದೇ ಮಾತು. "ಪುಟ್ಟಿ, ಇಪ್ಪತ್ತನೇ ವರ್ಷ ತಿಂಗಳಿಗೆ ಎಷ್ಟು ಕಟ್ಬೇಕು?"

ಲೆಕ್ಕ ಹಾಕಿದೆ. 61,159 ರೂಪಾಯಿ!

ನನ್ನ ಸಂಬಳ ಈಗ 60,000. ವರ್ಷಕ್ಕೆ ಶೇ. 6 ಏರಿದರೆ ಆ ಹೊತ್ತಿಗೆ ಸುಮಾರು 1.8 ಲಕ್ಷ. ಇವತ್ತು ಸಂಬಳದಲ್ಲಿ ಆರನೇ ಒಂದು ಪಾಲು ಕೇಳುವ ಕಂತು, ಆಗ ಮೂರನೇ ಒಂದು ಪಾಲು ಕೇಳುತ್ತದೆ. ಇನ್ನೊಂದೂ ಕಾಣಿಸಿತು. ಹೆಚ್ಚಾಗಿ ಬರುವ 89 ಲಕ್ಷದಲ್ಲಿ ಅರ್ಧದಷ್ಟು ನಾನೇ ಹೆಚ್ಚಾಗಿ ಕಟ್ಟಿದ ದುಡ್ಡು. ಕೊನೆಯ ವರ್ಷಗಳ ದೊಡ್ಡ ಕಂತುಗಳಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ.

ಕೊನೆಗೆ ಏರಿಕೆಯನ್ನು ಸಂಬಳದ ಹಾಗೇ ಶೇ. 6ಕ್ಕೆ ಇಳಿಸಿದೆ. ಮೊತ್ತ ಸುಮಾರು 1.29 ಕೋಟಿಗೆ ಇಳಿಯಿತು. ಕೊನೆಯ ಕಂತು 30,256, ಸಂಬಳದ ಆರನೇ ಒಂದು ಪಾಲೇ. ಶೇ. 12 ಲಾಭ ಯಾರ ಕೈಯಲ್ಲೂ ಇಲ್ಲ. ಕಂತು ಮಾತ್ರ ನಡುವೆ ನಿಲ್ಲಿಸದೆ ಕಟ್ಟಬಲ್ಲೆ ಅನಿಸಿತು.

"ಈಗ ದೋಸೆ ತಿನ್ನು," ಅಂದರು ಅಪ್ಪ.